ಹೊಂಡದ ನೀರಿನ ಹಗೇವು

ಯಾದಗಿರಿ, ಶಹಾಪುರ, ಸುರಪುರದ ಹೊಲಗಳಲ್ಲಿ ಈಗ ಕೃಷಿ ಹೊಂಡಗಳು ಸಾಮಾನ್ಯ ನೋಟ. ಅಂಥದ್ದೊಂದು ಹೊಂಡದ ನೀರನ್ನು ಬೆಳಗಿನ ಆರಕ್ಕೆ ಪರೀಕ್ಷಿಸಿದರೆ ಪಿಎಚ್ 7.3 ಬರಬಹುದು. ಅದೇ ದಿನ, ಅದೇ ದಡದಲ್ಲಿ, ಬಿಸಿಲು ಇಳಿಯುವ ನಾಲ್ಕರ ಹೊತ್ತಿಗೆ 9.4 ಬರಬಹುದು. ಉಪಕರಣ ಕೆಟ್ಟಿಲ್ಲ, ಯಾರೂ ನೀರಿಗೆ ಏನನ್ನೂ ಬೆರೆಸಿಲ್ಲ, ಎರಡೂ ಅಂಕಿ ನಿಜ. ಕೃಷಿ ಇಲಾಖೆಯ ಕಾಗದಗಳಲ್ಲಿ ಪಿಎಚ್ ಅನ್ನೇ ರಸಸಾರ ಎನ್ನುತ್ತಾರೆ. ಮೀನುಮರಿ ಬಿಡುವ ಮುಂಚೆ ಒಮ್ಮೆ ರಸಸಾರ ನೋಡಿ, ಏಳೂವರೆ ಬಂತೆಂದು ಸಮಾಧಾನಪಟ್ಟು ಮನೆಗೆ ಹೋಗುವುದು ನಮ್ಮಲ್ಲಿ ರೂಢಿಯಾಗಿದೆ. ಯಾವ ಹೊತ್ತಿನ ಅಂಕಿ ಎಂದು ಬರೆಯದ ಪಿಎಚ್‌ನಿಂದ ಹೊಂಡದ ಬಗ್ಗೆ ಏನೂ ತಿಳಿಯುವುದಿಲ್ಲ ಎಂದೇ ನನ್ನ ಅಭಿಪ್ರಾಯ. ತಿಳಿಯಬೇಕಾದದ್ದು ಇನ್ನೊಂದಿದೆ. ಅದು ಒಟ್ಟು ಕ್ಷಾರೀಯತೆ.

ಹೆಸರಿನಿಂದ ಗೊಂದಲ ಆಗುವುದು ಸಹಜ. ನೀರು ಕ್ಷಾರವಾಗಿದೆ ಎಂದರೆ ಪಿಎಚ್ ಏಳಕ್ಕಿಂತ ಮೇಲಿದೆ ಎಂದರ್ಥ. ಕ್ಷಾರೀಯತೆಯ ಅರ್ಥ ಬೇರೆ: ಆಮ್ಲ ಸೇರಿದಾಗ ಅದನ್ನು ನುಂಗಿಕೊಳ್ಳಬಲ್ಲ ಪದಾರ್ಥ ಒಂದು ಲೀಟರ್ ನೀರಿನಲ್ಲಿ ಎಷ್ಟು ಕೂಡಿಟ್ಟಿದೆ ಎಂಬ ಲೆಕ್ಕ ಅದು. ಮೊದಲನೆಯದು ಈ ಕ್ಷಣದ ಸ್ಥಿತಿ, ಎರಡನೆಯದು ಸಂಗ್ರಹ. ನಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ತುಂಬಿದ ಮನೆಗೂ ಬರಿದಾದ ಮನೆಗೂ ಒಂದೇ ಬರಗಾಲ ಬಂದರೂ ಅದರ ಪೆಟ್ಟು ಒಂದೇ ಆಗಿರುತ್ತಿರಲಿಲ್ಲ. ನೀರಿನ ಹಗೇವಿನಲ್ಲಿರುವುದು ಮುಖ್ಯವಾಗಿ ಬೈಕಾರ್ಬೊನೇಟ್, ಅದರ ಜೊತೆಗೆ ಸ್ವಲ್ಪ ಕಾರ್ಬೊನೇಟ್. ಇವೆಲ್ಲವನ್ನೂ ಸುಣ್ಣಕಲ್ಲಿನ ಲೆಕ್ಕಕ್ಕೆ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕಕ್ಕೆ ತಿರುಗಿಸಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುವುದು ವಾಡಿಕೆ.

ಈ ಸಂಗ್ರಹ ಬರುವುದು ಕಲ್ಲಿನಿಂದ, ಮಣ್ಣಿನಿಂದ. ಮಳೆನೀರಿನಲ್ಲಿ ಅದು ಇಲ್ಲವೆಂಬಷ್ಟು ಕಡಿಮೆ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ನೀರು ಸುಣ್ಣಕಲ್ಲನ್ನು ಕರಗಿಸಿದಾಗ ಬೈಕಾರ್ಬೊನೇಟ್ ಹುಟ್ಟುತ್ತದೆ. ಶಹಾಪುರ ತಾಲ್ಲೂಕಿನ ಗೋಗಿ ಸುತ್ತ ನೆಲದಡಿ ಇರುವುದು ಭೀಮಾ ತೀರದ ಹಳೆಯ ಸುಣ್ಣಕಲ್ಲು. ಮನೆಯ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲಿನ ಬಳಗದ್ದೇ ಅದು. ಯಾದಗಿರಿಯ ಕೋಟೆ ಬೆಟ್ಟ, ಸುರಪುರದ ಗುಡ್ಡಗಳು ಗ್ರಾನೈಟಿನವು. ಗ್ರಾನೈಟ್ ಕರಗುವುದು ಬಹಳ ನಿಧಾನ, ಅದು ಕೊಡುವ ಬೈಕಾರ್ಬೊನೇಟೂ ಕಡಿಮೆ. ಇವೆರಡರ ನಡುವೆ ಕರಿಮಣ್ಣಿನ ಹೊಲಗಳಿವೆ. ಅಗೆದರೆ ಸುಣ್ಣದ ಬಿಳಿ ಹರಳುಗಳು ಸಿಗುವ ಈ ಮಣ್ಣಿನ ಮೇಲೆ ಹರಿದುಬಂದ ನೀರೂ ಸಾಕಷ್ಟು ಬೈಕಾರ್ಬೊನೇಟ್ ಹೊತ್ತು ತರುತ್ತದೆ. ಹಾಗಾಗಿ ಒಂದೇ ಜಿಲ್ಲೆಯೊಳಗೆ ಒಂದು ಕೆರೆಗೂ ಇನ್ನೊಂದಕ್ಕೂ ಕ್ಷಾರೀಯತೆಯಲ್ಲಿ ದೊಡ್ಡ ಅಂತರ ಇರುವುದು ಆಶ್ಚರ್ಯವಲ್ಲ.

ನೆಲದ ಜೊತೆ ಈ ಕೊಡುಕೊಳ್ಳುವಿಕೆಯೇ ಇಲ್ಲದ ನೀರೂ ಈಗ ನಮ್ಮಲ್ಲಿದೆ: ಪಾಲಿಥಿನ್ ಹಾಳೆ ಹೊದಿಸಿದ ಕೃಷಿ ಹೊಂಡದ ನೀರು. ನೀರು ಇಂಗಬಾರದೆಂದು ಹಾಸುವ ಆ ಹಾಳೆ ಮಣ್ಣಿನ ಸುಣ್ಣವನ್ನೂ ನೀರಿನಿಂದ ದೂರ ಇಡುತ್ತದೆ. ಅದರೊಳಗೆ ಹೆಚ್ಚಾಗಿ ಮಳೆನೀರೇ ತುಂಬಿದ್ದರೆ ಹಗೇವು ಬಹುತೇಕ ಖಾಲಿ. ನೀರು ಹೇಗೂ ನಿಂತಿದೆ, ನಾಲ್ಕು ಕಾಟ್ಲಾ, ರೋಹು ಬಿಡೋಣ ಎಂದು ಹೊರಡುವವರು ಮೊದಲು ಯೋಚಿಸಬೇಕಾದದ್ದು ಇದನ್ನೇ.

ಎರಡು ನೀರನ್ನು ಪಕ್ಕಪಕ್ಕದಲ್ಲಿಟ್ಟು ಒಂದು ದಿನದ ಲೆಕ್ಕ ಹಾಕಿ ನೋಡೋಣ. ಒಂದು, ಹಾಳೆ ಹೊದಿಸಿದ ಹೊಂಡ. ಕ್ಷಾರೀಯತೆ 20 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಇನ್ನೊಂದು, ಕರಿಮಣ್ಣಿನ ನೀರು ಬಂದು ಸೇರುವ ಕೆರೆ, ಕ್ಷಾರೀಯತೆ 150. ಬೆಳಿಗ್ಗೆ ಎರಡರಲ್ಲೂ ಕರಗಿದ ಬಿಡಿ ಇಂಗಾಲದ ಡೈಆಕ್ಸೈಡ್ ಲೀಟರಿಗೆ 2 ಮಿಲಿಗ್ರಾಂ. ನೀರಿನ ಉಷ್ಣತೆ 25 ಡಿಗ್ರಿ. ಆಗ ಹೊಂಡದ ಪಿಎಚ್ ಸುಮಾರು 7.3, ಕೆರೆಯದು ಸುಮಾರು 8.2. ಬಿಸಿಲೇರಿದಂತೆ ನೀರನ್ನು ಹಸಿರಾಗಿಸಿರುವ ಕಣ್ಣಿಗೆ ಕಾಣದ ಪಾಚಿಗಳು ಇಂಗಾಲದ ಡೈಆಕ್ಸೈಡನ್ನು ಉಣ್ಣತೊಡಗುತ್ತವೆ. ಸಂಜೆಯ ಹೊತ್ತಿಗೆ ಎರಡೂ ಕಡೆ ಲೀಟರಿಗೆ 4.4 ಮಿಲಿಗ್ರಾಂ ಉಂಡವು ಎನ್ನಿ. ಬಿಡಿಯಾಗಿ ಇದ್ದದ್ದೇ 2 ಮಿಲಿಗ್ರಾಂ, ಹಾಗಾದರೆ ಉಳಿದದ್ದು ಎಲ್ಲಿಂದ ಬಂತು? ಬೈಕಾರ್ಬೊನೇಟಿನಿಂದ. ಎರಡು ಬೈಕಾರ್ಬೊನೇಟ್ ಸೇರಿ ಒಂದು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ತಾವು ಒಂದು ಕಾರ್ಬೊನೇಟ್ ಆಗುತ್ತವೆ. ಹೀಗೆ ಹುಟ್ಟಿದ ಕಾರ್ಬೊನೇಟೇ ಪಿಎಚ್ ಅನ್ನು ಮೇಲಕ್ಕೆ ಒಯ್ಯುವುದು.

ಇಲ್ಲಿ ಎರಡು ನೀರಿನ ದಾರಿ ಬೇರೆಯಾಗುತ್ತದೆ. ಆ 4.4 ಮಿಲಿಗ್ರಾಂ ಹೊಂಡದಲ್ಲಿದ್ದ ಒಟ್ಟು ಇಂಗಾಲದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು. ಕೆರೆಯಲ್ಲಿ ಅದು ನೂರಕ್ಕೆ ಮೂರರಷ್ಟು ಮಾತ್ರ. ಪಿಎಚ್ ನಿರ್ಧಾರವಾಗುವುದು ಬೈಕಾರ್ಬೊನೇಟ್, ಕಾರ್ಬೊನೇಟ್, ಬಿಡಿ ಇಂಗಾಲದ ಡೈಆಕ್ಸೈಡ್ ಈ ಮೂರರ ನಡುವಿನ ಅನುಪಾತದಿಂದ. ಸಣ್ಣ ರಾಶಿಯಿಂದ ಒಂದು ಬೊಗಸೆ ತೆಗೆದರೆ ಅನುಪಾತ ತಲೆಕೆಳಗಾಗುತ್ತದೆ, ದೊಡ್ಡ ರಾಶಿಯಿಂದ ಅಷ್ಟನ್ನೇ ತೆಗೆದರೆ ಹೆಚ್ಚು ಕದಲುವುದಿಲ್ಲ. ಲೆಕ್ಕ ಹಾಕಿದರೆ ಹೊಂಡದ ಪಿಎಚ್ ಸಂಜೆಗೆ 7.3ರಿಂದ 9.4ರ ಸುಮಾರಿಗೆ ಏರುತ್ತದೆ, ಕೆರೆಯದು 8.2ರಿಂದ 8.8ಕ್ಕೆ. ಪಾಚಿಯ ಕೆಲಸ ಎರಡೂ ಕಡೆ ಒಂದೇ. ಒಂದು ಕಡೆ ಏರಿದ್ದು ಎರಡು ಮಾತ್ರೆಗಿಂತ ಹೆಚ್ಚು, ಇನ್ನೊಂದು ಕಡೆ ಅರ್ಧ ಮಾತ್ರೆಗಿಂತ ತುಸು ಮೇಲೆ. ಪಿಎಚ್‌ನ ಒಂದು ಮಾತ್ರೆ ಎಂದರೆ ಹತ್ತು ಪಟ್ಟು ವ್ಯತ್ಯಾಸ ಎಂಬುದು ನೆನಪಿರಲಿ. ಈ ಲೆಕ್ಕದಲ್ಲಿ ಗಾಳಿಯಿಂದ ನೀರಿಗೆ ಇಳಿಯುವ ಇಂಗಾಲದ ಡೈಆಕ್ಸೈಡನ್ನು ಬಿಟ್ಟಿದ್ದೇನೆ. ಗಾಳಿ ಜೋರಾಗಿ ಬೀಸುವ ದಿನ ಏರಿಕೆ ಇದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ.

9.4ಕ್ಕೂ 8.8ಕ್ಕೂ ಮೀನಿಗೆ ಏನು ವ್ಯತ್ಯಾಸ ಎಂದು ಕೇಳಬಹುದು. ಮೀನಿನ ಮಲಮೂತ್ರದಿಂದ, ಹಾಕಿ ಉಳಿದ ಮೇವಿನಿಂದ ನೀರಿನಲ್ಲಿ ಅಮೋನಿಯಾ ಇದ್ದೇ ಇರುತ್ತದೆ. ಅದಕ್ಕೆ ಎರಡು ರೂಪ; ಒಂದು ಅಷ್ಟಾಗಿ ಕಾಡುವುದಿಲ್ಲ, ಇನ್ನೊಂದು ಕಿವಿರುಗಳಿಗೆ ವಿಷ. ಯಾವುದು ಎಷ್ಟು ಎಂಬುದನ್ನು ತೀರ್ಮಾನಿಸುವುದು ಪಿಎಚ್. 25 ಡಿಗ್ರಿಯಲ್ಲಿ ಪಿಎಚ್ 8.8 ಇದ್ದಾಗ ವಿಷರೂಪ ಸುಮಾರು ಕಾಲು ಭಾಗ, 9.4ರಲ್ಲಿ ಅರ್ಧಕ್ಕಿಂತ ಹೆಚ್ಚು. ಮಧ್ಯಾಹ್ನದ ಮೇಲೆ ಮೀನು ಮೇವು ಬಿಟ್ಟು ಮಂಕಾಗಿ, ಮರುದಿನ ಬೆಳಿಗ್ಗೆ ನೀರು ಪರೀಕ್ಷಿಸಿದಾಗ ಎಲ್ಲ ಸರಿಯಿದೆ ಎಂದು ಬರುವುದರ ಹಿಂದೆ ಹಲವು ಸಲ ಇದೇ ಇರುತ್ತದೆ.

ರಾತ್ರಿಯ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಕ್ಷಾರೀಯತೆಯನ್ನು ಹೊಗಳುವವರು ಇದನ್ನು ತಪ್ಪಾಗಿ ಹೇಳುವುದುಂಟು. ಕತ್ತಲಾದ ಮೇಲೆ ಪಾಚಿ, ಮೀನು, ತಳದ ಕೆಸರು ಎಲ್ಲವೂ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ನೀರಿಗೆ ಬಿಡುತ್ತವೆ. ಬೆಳಗಿನ 2 ಮಿಲಿಗ್ರಾಮಿನ ಮೇಲೆ ಇನ್ನೂ ಎಂಟೊಂಬತ್ತು ಮಿಲಿಗ್ರಾಂ ಸೇರಿದರೆ ಹೊಂಡದ ಪಿಎಚ್ 7.3ರಿಂದ 6.6ಕ್ಕೆ ಇಳಿಯುತ್ತದೆ, ಕೆರೆಯದು 8.2ರಿಂದ 7.4ಕ್ಕೆ. ಇಳಿತ ಹೆಚ್ಚುಕಡಿಮೆ ಒಂದೇ. ಈ ದಿಕ್ಕಿನಲ್ಲಿ ಕ್ಷಾರೀಯತೆಯ ಉಪಕಾರ ಇಳಿತವನ್ನು ತಡೆಯುವುದಲ್ಲ, ಇಳಿದರೂ ನೀರು ಎತ್ತರದ ಮೆಟ್ಟಿಲಲ್ಲೇ ನಿಲ್ಲುವಂತೆ ನೋಡಿಕೊಳ್ಳುವುದು. ಸಂಜೆಯ ಏರಿಕೆಯನ್ನು ಮಾತ್ರ ಅದು ನಿಜವಾಗಿಯೂ ಕುಗ್ಗಿಸುತ್ತದೆ.

ಈ ಏರಿಳಿತದುದ್ದಕ್ಕೂ ಕ್ಷಾರೀಯತೆ ಮಾತ್ರ ಬದಲಾಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ಬಂದರೂ ಹೋದರೂ, ಎರಡು ಬೈಕಾರ್ಬೊನೇಟ್ ಒಂದು ಕಾರ್ಬೊನೇಟ್ ಆದರೂ, ಆಮ್ಲವನ್ನು ನುಂಗುವ ಒಟ್ಟು ಶಕ್ತಿ ಅಷ್ಟೇ ಉಳಿಯುತ್ತದೆ. ಏಕೆಂದರೆ ಒಂದು ಕಾರ್ಬೊನೇಟ್ ಎರಡು ಬೈಕಾರ್ಬೊನೇಟಿನಷ್ಟು ಆಮ್ಲವನ್ನು ನುಂಗುತ್ತದೆ. ಆದ್ದರಿಂದ ಪಿಎಚ್ ಅನ್ನು ದಡದಲ್ಲೇ, ಹೊತ್ತು ಬರೆದು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನೋಡಬೇಕು. ಕ್ಷಾರೀಯತೆಗೆ ಆ ಕಟ್ಟು ಇಲ್ಲ. ಯಾವ ಹೊತ್ತಿಗಾದರೂ ನೀರು ತುಂಬಿಕೊಂಡು, ಬಾಟಲಿಯ ಕಂಠದವರೆಗೆ ತುಂಬಿ ಮುಚ್ಚಿ, ಅದೇ ದಿನ ಪರೀಕ್ಷೆ ಮಾಡಿದರೆ ಸಾಕು. ದಡದ ಅಂಚಿನ ನೀರು ಬೇಡ. ಮೊಳಕೈ ಆಳದಿಂದ ಎರಡು ಮೂರು ಕಡೆ ತೆಗೆದು ಬೆರೆಸಿಕೊಳ್ಳಿ.

ಅಳೆಯುವ ವಿಧಾನ ಪಿಯುಸಿ ಪ್ರಯೋಗಾಲಯದ ಟೈಟ್ರೇಷನ್ನೇ. ಬಲ ಗೊತ್ತಿರುವ ಆಮ್ಲವನ್ನು ಹನಿಹನಿಯಾಗಿ ಬಿಡುತ್ತ, ಹಗೇವು ಬರಿದಾಗಲು ಎಷ್ಟು ಬೇಕಾಯಿತು ಎಂದು ನೋಡುವುದು. ಬೇಕಾದದ್ದು 0.02 ನಾರ್ಮಲ್ ಗಂಧಕಾಮ್ಲ, ಬ್ಯೂರೆಟ್, ಶಂಕುವಿನಾಕಾರದ ಗಾಜಿನ ಪಾತ್ರೆ, ಎರಡು ಸೂಚಕ ದ್ರಾವಣ. ಆಮ್ಲವನ್ನು ಮನೆಯಲ್ಲಿ ಬೆರೆಸಲು ಹೋಗಬೇಡಿ, ಬಲ ನಿಗದಿಪಡಿಸಿದ್ದನ್ನೇ ತನ್ನಿ. ಆ ಬಲವನ್ನು ಆರಿಸಿದ್ದಕ್ಕೂ ಕಾರಣವಿದೆ: ಅದರ ಒಂದು ಮಿಲಿಲೀಟರ್ ಸರಿಯಾಗಿ ಒಂದು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ, ಲೆಕ್ಕ ಬಾಯಲ್ಲೇ ಆಗುತ್ತದೆ.

ಕೆರೆಯ ನೀರು 50 ಮಿಲಿಲೀಟರ್ ಅಳೆದು ಪಾತ್ರೆಗೆ ಹಾಕಿ. ಮೊದಲು ಫಿನಾಲ್ಫ್ಥಲೀನ್ ಕೆಲವು ಹನಿ. ನೀರು ಗುಲಾಬಿಯಾಗದಿದ್ದರೆ ಪಿಎಚ್ 8.3ಕ್ಕಿಂತ ಕೆಳಗಿದೆ, ಲೆಕ್ಕಕ್ಕೆ ಬರುವಷ್ಟು ಕಾರ್ಬೊನೇಟ್ ಇಲ್ಲ ಎಂದು ತಿಳಿದು ಮುಂದೆ ಹೋಗಿ. ಗುಲಾಬಿಯಾದರೆ, ಬಣ್ಣ ಮಾಯವಾಗುವವರೆಗೆ ಆಮ್ಲ ಬಿಟ್ಟು ಬ್ಯೂರೆಟ್ಟಿನ ಗುರುತು ಬರೆದುಕೊಳ್ಳಿ. ಈ ನೀರಿಗೆ 1.2 ಮಿಲಿಲೀಟರ್ ಹಿಡಿಯಿತು ಎನ್ನೋಣ. ಈಗ ಅದೇ ಪಾತ್ರೆಗೆ ಮೀಥೈಲ್ ಆರೆಂಜ್ ಎರಡು ಹನಿ. ನೀರು ಹಳದಿಯಾಗುತ್ತದೆ. ಪಾತ್ರೆಯನ್ನು ತಿರುಗಿಸುತ್ತಲೇ ಆಮ್ಲ ಬಿಡುತ್ತ ಹೋಗಿ; ಹಳದಿ ಹೋಗಿ ಕಿತ್ತಳೆಯ ಮೊದಲ ಛಾಯೆ ನಿಂತ ಕೂಡಲೇ ನಿಲ್ಲಿಸಿ. ಆಗ ಪಿಎಚ್ 4.5ರ ಆಸುಪಾಸಿಗೆ ಬಂದಿರುತ್ತದೆ. ಬೈಕಾರ್ಬೊನೇಟೆಲ್ಲ ಇಂಗಾಲದ ಡೈಆಕ್ಸೈಡ್ ಆಗಿ ಮುಗಿದ ಗಡಿ ಅದು. ಮೊದಲಿನಿಂದ ಕೊನೆವರೆಗೆ ಒಟ್ಟು 7.5 ಮಿಲಿಲೀಟರ್ ಹಿಡಿಯಿತು ಎಂದಿಟ್ಟುಕೊಳ್ಳಿ. ಅಂದರೆ 50 ಮಿಲಿಲೀಟರ್ ನೀರಿನಲ್ಲಿ 7.5 ಮಿಲಿಗ್ರಾಂ. ಲೀಟರಿಗೆ ಅದರ ಇಪ್ಪತ್ತು ಪಟ್ಟು: 150. ಮೊದಲ ಹಂತದ 1.2ಕ್ಕೆ ಲೀಟರಿಗೆ 24 ಆಗುತ್ತದೆ. ಆ ಹಂತದಲ್ಲಿ ಕಾರ್ಬೊನೇಟ್ ಅರ್ಧ ದಾರಿ ಮಾತ್ರ ನಡೆದಿರುವುದರಿಂದ ಕಾರ್ಬೊನೇಟಿನ ಪಾಲು ಅದರ ಎರಡರಷ್ಟು, 48. ಉಳಿದ 102 ಬೈಕಾರ್ಬೊನೇಟಿನದು.

ತಪ್ಪಾಗುವುದು ಹೆಚ್ಚಾಗಿ ಕೊನೆಯ ಬಣ್ಣದಲ್ಲಿ. ಕಿತ್ತಳೆ ಕೆಂಪಾಗುವವರೆಗೆ ಬಿಟ್ಟರೆ ಗಡಿ ದಾಟಿದಂತೆಯೇ. ಪಕ್ಕದಲ್ಲಿ ಅದೇ ನೀರಿಗೆ ಸೂಚಕ ಹಾಕಿ ಆಮ್ಲ ಬಿಡದ ಪಾತ್ರೆಯೊಂದನ್ನು ಬಿಳಿ ಕಾಗದದ ಮೇಲೆ ಇಟ್ಟುಕೊಂಡರೆ ಹಳದಿ ಎಲ್ಲಿ ಮುಗಿಯಿತು ಎಂದು ಕಣ್ಣಿಗೆ ತಿಳಿಯುತ್ತದೆ. ಒಳ್ಳೆಯ ಪಿಎಚ್ ಮೀಟರ್ ಇದ್ದರೆ ಬಣ್ಣದ ಹಂಗೇ ಬೇಡ, 4.5 ಬಂದಾಗ ನಿಲ್ಲಿಸಿದರಾಯಿತು. ಮಳೆಗಾಲದ ಕೆಂಪು ನೀರು, ಕಾಲುವೆಯ ರಾಡಿ ನೀರು ಬಣ್ಣವನ್ನು ಮರೆಮಾಡುತ್ತದೆ; ತಿಳಿಯಾಗಲು ಬಿಟ್ಟು ಸೋಸಿಕೊಳ್ಳಿ. ಇನ್ನು ಹೊಂಡದಂಥ ಬಡ ನೀರಿಗೆ 50 ಮಿಲಿಲೀಟರ್ ಸಾಲದು. ಕ್ಷಾರೀಯತೆ 20 ಇದ್ದರೆ ಅದಕ್ಕೆ ಹಿಡಿಯುವುದು ಒಂದೇ ಮಿಲಿಲೀಟರ್ ಆಮ್ಲ, ನಾಲ್ಕು ಹನಿ ಹೆಚ್ಚುಕಡಿಮೆಯಾದರೆ ಐದನೇ ಒಂದು ಪಾಲು ತಪ್ಪಿದಂತೆ. 100 ಮಿಲಿಲೀಟರ್ ನೀರು ತೆಗೆದುಕೊಂಡು, ಮೂರು ಸಲ ಮಾಡಿ, ಒಂದಕ್ಕೊಂದು ಹೊಂದುವ ಎರಡನ್ನು ಹಿಡಿಯುವುದು ಒಳ್ಳೆಯದು. ಕಿಟ್ಟಿನಲ್ಲಿ ಹನಿ ಎಣಿಸುವವರು ಪ್ರತಿ ಹನಿ ಎಷ್ಟು ಮಿಲಿಗ್ರಾಮಿಗೆ ಸಮ ಎಂದು ಡಬ್ಬಿಯ ಮೇಲೆ ಓದಬೇಕು. ಹನಿಗೆ 20 ಎಂದಿರುವ ಕಿಟ್ಟು ಕೆರೆಗೆ ಸಾಕು, ಹಾಳೆಯ ಹೊಂಡಕ್ಕೆ ಉಪಯೋಗವಿಲ್ಲ.

ಕ್ಷಾರೀಯತೆ ಹೆಚ್ಚಿದ್ದರೆ ನಿಶ್ಚಿಂತೆ ಎಂದೂ ಅಲ್ಲ. ಕಾಲುವೆ ಕೆಳಗೆ ಸವಳಾದ ನೆಲದ ನೀರಿನಲ್ಲಿ ಬೈಕಾರ್ಬೊನೇಟ್ ಧಾರಾಳ ಇರಬಹುದು, ಆದರೆ ಅದರ ಜೊತೆಗಾರ ಕ್ಯಾಲ್ಸಿಯಂ ಅಲ್ಲ, ಸೋಡಿಯಂ. ಸುಣ್ಣದ ನೀರಿನಲ್ಲಿ ಸಂಜೆ ಕಾರ್ಬೊನೇಟ್ ಹೆಚ್ಚಾದರೆ ಅದು ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಪುಡಿಯಾಗಿ ತಳ ಸೇರುತ್ತದೆ. ಏರಿಕೆಗೆ ಅಲ್ಲಿ ಒಂದು ಕಡಿವಾಣ ಬೀಳುತ್ತದೆ. ಸವಳು ನೀರಿನಲ್ಲಿ ಆ ಕಡಿವಾಣ ಇಲ್ಲ, ಹಸಿರು ದಟ್ಟವಾಗಿದ್ದರೆ ಪಿಎಚ್ ಹತ್ತನ್ನು ದಾಟಬಲ್ಲದು. ಆದ್ದರಿಂದ ಕ್ಷಾರೀಯತೆಯ ಪಕ್ಕದಲ್ಲಿ ಗಡಸುತನದ ಅಂಕಿಯೂ ಬೇಕು. ಎರಡನ್ನೂ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲೇ ಬರೆಯುವುದರಿಂದ ನೇರವಾಗಿ ಹೋಲಿಸಬಹುದು. ಗಡಸುತನ ಕ್ಷಾರೀಯತೆಗಿಂತ ಬಹಳ ಕಡಿಮೆ ಇದ್ದರೆ ಆ ನೀರನ್ನು ಸಂಜೆ ಹೊತ್ತು ಕಾಯಬೇಕು.

ಖಾಲಿ ಹಗೇವು ತುಂಬುವ ಲೆಕ್ಕವನ್ನೂ ನೋಡಿಬಿಡೋಣ. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಕೃಷಿ ಹೊಂಡಕ್ಕೆ ಒಂದಕ್ಕೊಂದು ಇಳಿಜಾರಿನ ಬದಿಗಳಿದ್ದರೆ ತುಂಬಿದಾಗ ಸುಮಾರು 980 ಘನಮೀಟರ್ ನೀರು. ಕ್ಷಾರೀಯತೆಯನ್ನು 20ರಿಂದ 60ಕ್ಕೆ ಏರಿಸಲು ಘನಮೀಟರಿಗೆ 40 ಗ್ರಾಂ, ಒಟ್ಟು 39 ಕಿಲೋ ಸುಣ್ಣಕಲ್ಲಿನ ಪುಡಿ. ಇದು ಎಲ್ಲವೂ ಕರಗಿದರೆ ಎಂಬ ಲೆಕ್ಕ. ಪುಡಿ ಹಿಟ್ಟಿನಷ್ಟು ನುಣುಪಾಗಿರಬೇಕು, ವಾರಗಟ್ಟಲೆ ಸಮಯವೂ ಬೇಕು. ಗಾಳಿಗೆ ತೆರೆದ ನೀರಿನಲ್ಲಿ ಸುಣ್ಣಕಲ್ಲು 50–60ರ ಆಸುಪಾಸಿನಲ್ಲಿ ಕರಗುವುದನ್ನು ನಿಲ್ಲಿಸುವುದರಿಂದ ಇದೇ ಪುಡಿಯಿಂದ 150 ಮುಟ್ಟುವ ಆಸೆ ಬೇಡ. ಮೀನಿಗೆ 50 ಮುಟ್ಟಿದರೂ ಸಾಕು, 20ರ ಕೆಳಗೆ ಇಳಿಯದಿರುವುದು ಮುಖ್ಯ. ಮೀನು ಇರುವ ಹೊಂಡಕ್ಕೆ ಸುಟ್ಟ ಸುಣ್ಣ ಸುರಿಯುವುದನ್ನು ಮಾತ್ರ ಯಾರೂ ಮಾಡಬಾರದು. ಅದು ಕ್ಷಾರೀಯತೆಯನ್ನು ಏರಿಸುವ ಮುಂಚೆ ಪಿಎಚ್ ಅನ್ನೇ ಚಿಮ್ಮಿಸಿ ಮೀನನ್ನು ಕೊಲ್ಲುತ್ತದೆ. ಅದು ಮೀನು ಬಿಡುವ ಮುಂಚಿನ ಖಾಲಿ ಹೊಂಡಕ್ಕೆ.

ತುಂಬಿದ ಹಗೇವು ತುಂಬಿಯೇ ಇರುವುದಿಲ್ಲ. ಮೇವು ಹಾಕುವ ಹೊಂಡದಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಅಮೋನಿಯಾದಲ್ಲಿನ ಪ್ರತಿ ಒಂದು ಮಿಲಿಗ್ರಾಂ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಕ್ಷಾರೀಯತೆ ಖರ್ಚಾಗುತ್ತದೆ. ಮಣ್ಣಿನ ಕೆರೆಗೆ ನೆಲ ಅದನ್ನು ತುಂಬಿಕೊಡುತ್ತಿರುತ್ತದೆ, ಹಾಳೆಯ ಹೊಂಡಕ್ಕೆ ತುಂಬಿಕೊಡುವವರಿಲ್ಲ. ಅದರ ಮೇಲೆ ಒಂದು ದೊಡ್ಡ ಮಳೆ ಬಿದ್ದರೆ ಇದ್ದದ್ದೂ ತೆಳುವಾಗುತ್ತದೆ. ಹಾಗಾಗಿ ಕೆರೆಗೆ ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ಅಳೆದರೆ ನಡೆಯುತ್ತದೆ. ಹಾಳೆ ಹೊದಿಸಿ ಮೀನು ಸಾಕುವವರು ಹದಿನೈದು ದಿನಕ್ಕೊಮ್ಮೆ, ಮತ್ತು ಪ್ರತಿ ದೊಡ್ಡ ಮಳೆಯ ಮಾರನೆಯ ದಿನ ಅಳೆಯಬೇಕು.